ಚಾರ್ಜ್ ಆಗ್ತದಲ್ರಿ, ಮತ್ತ ಯಾಕ ಬದಲಿ ಮಾಡಬೇಕ? – ಉಬ್ಬಿದ ಬ್ಯಾಟರಿಯ ಕಥೆ

(ವಿಜಯಪುರದ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ್ರಿ. ನಾನು ಭಾಷಣ ಮಾಡುವವನಲ್ಲ. ಗಾಂಧಿ ಚೌಕದ ಹತ್ತಿರ ಸಣ್ಣದೊಂದು ಅಂಗಡಿ ಇಟ್ಟುಕೊಂಡು ಮೊಬೈಲ್, ಲ್ಯಾಪ್‌ಟಾಪ್ ರಿಪೇರಿ ಮಾಡುವವನು. ನಿಮ್ಮ ಪ್ರಿನ್ಸಿಪಾಲರು ಅಂಗಡಿಗೆ ಬಂದಿದ್ದಾಗ ನನ್ನ ಟೇಬಲ್ ಮೇಲೆ ಒಂದು ಬ್ಯಾಟರಿ ಬಿಚ್ಚಿಟ್ಟಿದ್ದೆ. ಅದು ತಲೆದಿಂಬಿನ ಹಾಗೆ ಉಬ್ಬಿತ್ತು. ಅವರು ನೋಡಿ, "ಇದನ್ನ ನಮ್ಮ ಹುಡುಗರಿಗೆ ಬಂದು ಹೇಳ್ರಿ" ಅಂದರು. ಹಾಗಾಗಿ ಬಂದಿದ್ದೇನೆ.

ಆ ಬ್ಯಾಟರಿಯ ಕಥೆಯನ್ನೇ ಹೇಳುತ್ತೇನೆ. ಅದು ನಮ್ಮ ಊರಿನ ಒಬ್ಬ ಒಣದ್ರಾಕ್ಷಿ ವ್ಯಾಪಾರಿಯ ಲ್ಯಾಪ್‌ಟಾಪಿನದು. ನಾನು ಅವರನ್ನು ಕಾಕಾ ಅಂತ ಕರೆಯುತ್ತೇನೆ. ಕಾಕಾನ ಅಂಗಡಿಗೆ ತಗಡಿನ ಮಾಡು. ಅದರ ಕೆಳಗೆ ಟೇಬಲ್, ಟೇಬಲ್ ಮೇಲೆ ಲೆಕ್ಕ ಬರೆಯುವ ಲ್ಯಾಪ್‌ಟಾಪ್. ಬೆಳಿಗ್ಗೆ ಅಂಗಡಿ ತೆಗೆದಾಗ ಚಾರ್ಜರ್ ಹಚ್ಚಿದರೆ ರಾತ್ರಿ ಬಾಗಿಲು ಹಾಕುವವರೆಗೂ ಹಾಗೇ. ಮೂರು ವರ್ಷ ಆ ಲ್ಯಾಪ್‌ಟಾಪ್ ಟೇಬಲ್ ಬಿಟ್ಟು ಕದಲಿದ್ದೇ ಇಲ್ಲ. ಅಂದರೆ ಬ್ಯಾಟರಿ ಮೂರು ವರ್ಷ ನೂರಕ್ಕೆ ನೂರು ತುಂಬಿಕೊಂಡೇ ಕೂತಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಎಷ್ಟಿರಬಹುದು ನೀವೇ ಲೆಕ್ಕ ಹಾಕಿ.

ಕಾಕಾ ಬಂದು ಹೇಳಿದ ತೊಂದರೆ ಬ್ಯಾಟರಿಯದ್ದಲ್ಲ. "ತಮ್ಮಾ, ಈ ಬಟ್ಟು ಇಟ್ಟು ಒತ್ತೂದು ಅದಲ್ಲ, ಅದು ಕಟ್ ಅನ್ನೂದು ಬಿಟ್ಟದ" ಅಂದರು. ಟ್ರ್ಯಾಕ್‌ಪ್ಯಾಡ್ ಕ್ಲಿಕ್ ಆಗುತ್ತಿರಲಿಲ್ಲ. ಬೇರೆ ಕಡೆ ತೋರಿಸಿದ್ದರಂತೆ. ಅಲ್ಲಿ ಟ್ರ್ಯಾಕ್‌ಪ್ಯಾಡ್ ಹೋಗಿದೆ, ಹೊಸದು ತರಿಸಬೇಕು ಅಂದರಂತೆ. ಕಾಕಾ ಮೌಸ್ ಹಚ್ಚಿಕೊಂಡು ಮತ್ತೆ ಎರಡು ತಿಂಗಳು ಕೆಲಸ ಮಾಡಿದ್ದಾರೆ. ಚಾರ್ಜರ್ ಎಂದಿನಂತೆ ಹಚ್ಚಿದ್ದು ಹಚ್ಚಿದ್ದೇ.

ನಾನು ಲ್ಯಾಪ್‌ಟಾಪ್ ಮುಚ್ಚಿ ಗಾಜಿನ ಕೌಂಟರ್ ಮೇಲೆ ಇಟ್ಟೆ. ಒಂದು ಮೂಲೆ ಮುಟ್ಟಿದರೆ ಎದುರಿನ ಮೂಲೆ ಎದ್ದಿತು. ಕಾಲು ಸಮ ಇಲ್ಲದ ಸ್ಟೂಲಿನ ಹಾಗೆ. ಮುಚ್ಚಳ ಮುಂದಿನ ಕಡೆ ಪೂರ್ತಿ ಕೂರುತ್ತಿರಲಿಲ್ಲ. ಅಲ್ಲಿಗೆ ಗೊತ್ತಾಯಿತು. ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ಇರುವುದು ಅಂಗೈ ಇಡುವ ಜಾಗದ ಕೆಳಗೆ, ಟ್ರ್ಯಾಕ್‌ಪ್ಯಾಡಿನ ಅಡಿಯಲ್ಲೇ. ಟ್ರ್ಯಾಕ್‌ಪ್ಯಾಡ್ ಒತ್ತಿದಾಗ ಒಂದು ಕೂದಲೆಳೆ ಕೆಳಗೆ ಹೋಗಬೇಕು, ಆಗ ಕಟ್ ಅನ್ನುತ್ತದೆ. ಕೆಳಗಿನಿಂದ ಬ್ಯಾಟರಿ ಉಬ್ಬಿ ತಳ್ಳಿದರೆ ಅದಕ್ಕೆ ಕೆಳಗೆ ಹೋಗಲು ಜಾಗವೇ ಇರುವುದಿಲ್ಲ. ಟ್ರ್ಯಾಕ್‌ಪ್ಯಾಡ್ ಹೋಗಿರಲಿಲ್ಲ, ಪಾಪ, ಅದು ಸುದ್ದಿ ಹೇಳುತ್ತಿತ್ತು.

ನಾನು ಚಾರ್ಜರ್ ಕಿತ್ತು, "ಕಾಕಾ, ಬ್ಯಾಟರಿ ಉಬ್ಬ್ಯಾದ, ಇನ್ನ ಇದಕ್ಕ ಚಾರ್ಜ್ ಹಾಕಬ್ಯಾಡ್ರಿ" ಅಂದೆ. ಅವರು ನಕ್ಕರು. "ಚಾರ್ಜ್ ಆಗ್ತದಲ್ಲೋ, ಕರೆಂಟ್ ಹೋದ್ರ ಎರಡು ತಾಸು ನಿಲ್ತದ. ಮತ್ತ ಯಾಕ ಬದಲಿ ಮಾಡಬೇಕ?"

ಈ ಪ್ರಶ್ನೆ ನನಗೆ ವಾರಕ್ಕೆ ಎರಡು ಸಲ ಬರುತ್ತದೆ. ಸರಿಯಾದ ಪ್ರಶ್ನೆಯೇ. ಇವತ್ತಿನ ನನ್ನ ಮಾತೆಲ್ಲ ಅದಕ್ಕೆ ಉತ್ತರ.

ಮೊದಲು ಆ ಉಬ್ಬಿನ ಒಳಗೆ ಏನಿದೆ ನೋಡೋಣ. ಫೋನಿನ ಬ್ಯಾಟರಿ, ತೆಳು ಲ್ಯಾಪ್‌ಟಾಪಿನ ಬ್ಯಾಟರಿ ಎರಡೂ ಒಂದು ಚೀಲ. ಗುಟ್ಕಾ ಚೀಟಿಯ ಹಾಗೆ ಬೆಳ್ಳಗೆ ಮಿಂಚುವ, ಸುತ್ತಲೂ ಅಂಟಿಸಿದ ಚೀಲ. ಅದರೊಳಗೆ ತಾಮ್ರದ ತೆಳು ಹಾಳೆಗೆ ಗ್ರಾಫೈಟ್ ಬಳಿದಿರುತ್ತಾರೆ. ಅಲ್ಯೂಮಿನಿಯಂ ಹಾಳೆಗೆ ಇನ್ನೊಂದು ಪುಡಿ, ಫೋನುಗಳಲ್ಲಿ ಹೆಚ್ಚಾಗಿ ಕೋಬಾಲ್ಟ್ ಇರುವುದು, ಬಳಿದಿರುತ್ತಾರೆ. ಇವೆರಡು ಒಂದಕ್ಕೊಂದು ತಾಗಬಾರದು. ಅದಕ್ಕೆ ನಡುವೆ ಪ್ಲಾಸ್ಟಿಕ್ಕಿನ ಒಂದು ಪರದೆ. ನಮ್ಮ ತಲೆಗೂದಲಿಗಿಂತ ಎಷ್ಟೋ ತೆಳು. ಇದನ್ನೆಲ್ಲ ಸುರುಳಿ ಸುತ್ತಿಯೋ ಪದರ ಪದರವಾಗಿ ಪೇರಿಸಿಯೋ ಚೀಲಕ್ಕೆ ಹಾಕಿ, ಒಂದಿಷ್ಟು ದ್ರವ ಸುರಿದು ಮುಚ್ಚುತ್ತಾರೆ. ಆ ದ್ರವ ನೀರಲ್ಲ. ಪೆಟ್ರೋಲಿನ ಹಾಗೆ ಹೊತ್ತಿ ಉರಿಯುವ ಜಾತಿಯದು. ಇದನ್ನು ನೆನಪಿಡಿ.

ಚಾರ್ಜ್ ಮಾಡುವುದು ಅಂದರೆ ಲಿಥಿಯಂ ಕಣಗಳನ್ನು ಆ ದ್ರವದ ಮೂಲಕ, ಪರದೆಯ ಸಣ್ಣ ತೂತುಗಳನ್ನು ದಾಟಿಸಿ, ಗ್ರಾಫೈಟಿನೊಳಗೆ ಕೂರಿಸುವುದು. ಬಳಸುವಾಗ ಅವು ವಾಪಸ್ ಬರುತ್ತವೆ. ಈ ಓಡಾಟ ನೂರಾರು ಸಲ ನಡೆಯುವಾಗ ದ್ರವ ಸ್ವಲ್ಪ ಸ್ವಲ್ಪ ಕೆಡುತ್ತದೆ. ಕೆಟ್ಟಾಗ ಗ್ಯಾಸ್ ಬಿಡುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದಾಗ ವೋಲ್ಟೇಜ್ ಜಾಸ್ತಿ ಇರುತ್ತದೆ, ಆಗ ಕೆಡುವುದೂ ಜಾಸ್ತಿ. ಬಿಸಿ ಏರಿದರೆ ಇನ್ನೂ ಜಾಸ್ತಿ. ಕಾಕಾನ ಅಂಗಡಿಯಲ್ಲಿ ಎರಡೂ ಕೂಡಿಬಂದಿದ್ದವು. ಸದಾ ತುಂಬಿದ ಬ್ಯಾಟರಿ, ಮೇಲೆ ಕಾದ ತಗಡು.

ಅಕ್ಕಂದಿರು ಇಲ್ಲಿ ಕೂತಿದ್ದೀರಿ, ನಿಮಗೆ ಗೊತ್ತು. ಜೋಳದ ರೊಟ್ಟಿ ಹಂಚಿನ ಮೇಲೆ ಯಾಕೆ ಉಬ್ಬುತ್ತದೆ? ಒಳಗಿನ ನೀರು ಆವಿಯಾಗಿ ರೊಟ್ಟಿಯನ್ನು ಎರಡು ಪದರ ಮಾಡುತ್ತದೆ. ಬ್ಯಾಟರಿಯಲ್ಲೂ ಆಗುವುದು ಅದೇ, ಗ್ಯಾಸ್ ಪದರಗಳನ್ನು ಬಿಡಿಸುತ್ತದೆ. ವ್ಯತ್ಯಾಸ ಇಷ್ಟೇ. ರೊಟ್ಟಿ ಆರಿದ ಮೇಲೆ ಇಳಿಯುತ್ತದೆ. ಬ್ಯಾಟರಿಯ ಗ್ಯಾಸ್ ಆರಿದರೂ ವಾಪಸ್ ದ್ರವ ಆಗುವುದಿಲ್ಲ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಅಂತ ಯಾರೋ ಹೇಳಿದರೆ ನಂಬಬೇಡಿ. ತಣ್ಣಗಾದರೆ ಗ್ಯಾಸ್ ತುಸು ಕುಗ್ಗಿ ಉಬ್ಬು ಕಡಿಮೆಯಾದಂತೆ ಕಾಣಬಹುದು. ಹೊರಗೆ ತೆಗೆದ ಮೇಲೆ ಮತ್ತೆ ಅಷ್ಟೇ. ಅಷ್ಟರಲ್ಲಿ ಫೋನಿನೊಳಗೆ ಬೆವರು ಕಟ್ಟಿರುತ್ತದೆ.

ಈಗ ಕಾಕಾನ ಪ್ರಶ್ನೆಗೆ ಬರೋಣ. ಚಾರ್ಜ್ ಆಗುತ್ತಿದೆ ಅಂದರೆ ಬ್ಯಾಟರಿ ಚೆನ್ನಾಗಿದೆ ಅಂತಲ್ಲವೇ?

ಬ್ಯಾಟರಿಗೆ ಅಂಟಿಕೊಂಡು ಒಂದು ಸಣ್ಣ ಕಾವಲು ಸರ್ಕ್ಯೂಟ್ ಇರುತ್ತದೆ. ಅದು ವೋಲ್ಟೇಜ್ ನೋಡುತ್ತದೆ, ಎಷ್ಟು ಕರೆಂಟ್ ಹರಿಯುತ್ತಿದೆ ನೋಡುತ್ತದೆ, ಬಿಸಿ ನೋಡುತ್ತದೆ. ಮಿತಿ ಮೀರಿದರೆ ನಿಲ್ಲಿಸುತ್ತದೆ. ಒಳ್ಳೆಯ ಕಾವಲುಗಾರ. ಆದರೆ ನಾವು ಬಳಸುವ ಸಾಮಾನ್ಯ ಬ್ಯಾಟರಿಗಳಲ್ಲಿ ಅವನಿಗೆ ಉಬ್ಬು ಕಾಣುವುದಿಲ್ಲ. ಚೀಲ ಎಷ್ಟು ದಪ್ಪ ಆಗಿದೆ, ಒಳಗೆ ಎಷ್ಟು ಗ್ಯಾಸ್ ಇದೆ ಅಂತ ಅಳೆಯುವ ಸಾಧನ ಅವನ ಹತ್ತಿರ ಇಲ್ಲ. ವೋಲ್ಟೇಜ್ ಸರಿ ಇದ್ದರೆ ಅವನ ಲೆಕ್ಕದಲ್ಲಿ ಎಲ್ಲ ಸರಿ.

ಇದನ್ನು ಕಾಕಾಗೆ ತೋರಿಸಬೇಕು ಅನ್ನಿಸಿತು. ಲ್ಯಾಪ್‌ಟಾಪ್ ಆರಿಸುವ ಮೊದಲು, ಚಾರ್ಜರ್ ಇಲ್ಲದೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಕೊಟ್ಟೆ:

```
powercfg /batteryreport
```

ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಇದು battery-report.html ಅನ್ನುವ ಫೈಲ್ ಮಾಡಿಕೊಡುತ್ತದೆ. ಅದರಲ್ಲಿ DESIGN CAPACITY ಅಂದರೆ ಹೊಸದಿದ್ದಾಗ ಎಷ್ಟು ಹಿಡಿಸುತ್ತಿತ್ತು ಅನ್ನುವುದು, FULL CHARGE CAPACITY ಅಂದರೆ ಈಗ ಎಷ್ಟು ಹಿಡಿಸುತ್ತದೆ ಅನ್ನುವುದು. ಕಾಕಾನದ್ದು ಹೊಸದಿದ್ದಾಗ 48,000 ಮಿಲಿವ್ಯಾಟ್-ಅವರ್, ಈಗ 39,000ದ ಹತ್ತಿರ. ಅಂದರೆ ನೂರರಲ್ಲಿ ಎಂಬತ್ತೊಂದು. ಮೂರು ವರ್ಷದ ಬ್ಯಾಟರಿಗೆ ಇದು ಒಳ್ಳೆಯ ಅಂಕವೇ. ಆ ಕಾಗದ ಮಾತ್ರ ನೋಡಿದ್ದರೆ ನಾನೂ ಪಾಸ್ ಮಾಡುತ್ತಿದ್ದೆ. ಆಮೇಲೆ ಆರಿಸಿ ಹಿಂದಿನ ಕವರ್ ಬಿಚ್ಚಿದೆ. ಸ್ಕ್ರೂ ಸಡಿಲವಾಗುತ್ತಿದ್ದಂತೆ ಕವರ್ ತಾನೇ ಮೇಲಕ್ಕೆ ಎದ್ದಿತು. ಒಳಗೆ ಮೂರು ಚೀಲ ಸಾಲಾಗಿ ಇದ್ದವು. ಒಂದು ಸಪಾಟಾಗಿಯೇ ಇತ್ತು, ಆರು ಮಿಲಿಮೀಟರ್. ಉಳಿದ ಎರಡು ನಡುವೆ ಉಬ್ಬಿ ಹನ್ನೊಂದು ಮಿಲಿಮೀಟರ್ ಆಗಿದ್ದವು. ಕಾಕಾ ನಗು ನಿಲ್ಲಿಸಿದರು.

ಹಾಗಾಗಿ ಪರ್ಸೆಂಟೇಜ್ ನೋಡಿ ಬ್ಯಾಟರಿಯ ಆರೋಗ್ಯ ಹೇಳಬಹುದು, ಉಬ್ಬು ಹೇಳಲು ಆಗುವುದಿಲ್ಲ. ಫೋನಿನಲ್ಲಿ ತೋರಿಸುವ ಬ್ಯಾಟರಿ ಹೆಲ್ತ್ ಕೂಡ ಇದೇ ಜಾತಿ. ಉಬ್ಬು ಕಣ್ಣಿಂದಲೇ ನೋಡಬೇಕು.

ಇನ್ನು ಚಾರ್ಜ್ ಮಾಡುತ್ತಲೇ ಹೋದರೆ ಏನಾಗುತ್ತದೆ? ಇಲ್ಲಿ ಸ್ವಲ್ಪ ಗಮನ ಕೊಡಿ. ಉಬ್ಬಿದ ಬ್ಯಾಟರಿ ಒಡೆಯುವುದು ಬಲೂನಿನ ಹಾಗೆ ಗಾಳಿ ಹೆಚ್ಚಾಗಿ ಅಂತ ಜನ ತಿಳಿದಿದ್ದಾರೆ. ಚೀಲ ಬಿರಿಯುವುದು ಉಂಟು. ಆದರೆ ನನಗೆ ಹೆಚ್ಚು ಹೆದರಿಕೆ ಒಳಗಿನ ಇನ್ನೊಂದು ಕೆಲಸದ ಬಗ್ಗೆ.

ನಮ್ಮ ಸಿದ್ಧೇಶ್ವರ ಜಾತ್ರೆ ನೆನಪು ಮಾಡಿಕೊಳ್ಳಿ. ಜನ ಹೋಗಲು ಐದು ದಾರಿ ಇದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಮೂರು ಮುಚ್ಚಿದರೆ? ಬರುವ ಜನ ಕಡಿಮೆ ಆಗುವುದಿಲ್ಲ. ಅಷ್ಟೂ ಜನ ಉಳಿದೆರಡು ದಾರಿಯಲ್ಲಿ ನುಗ್ಗುತ್ತಾರೆ. ಬ್ಯಾಟರಿಯಲ್ಲಿ ಗ್ಯಾಸ್ ತುಂಬಿ ಪದರ ಬಿಟ್ಟುಕೊಂಡ ಜಾಗದಲ್ಲಿ ಲಿಥಿಯಂಗೆ ದಾರಿ ಮುಚ್ಚಿತು. ಗ್ಯಾಸಿನೊಳಗೆ ಅದು ಸಾಗುವುದಿಲ್ಲ, ದ್ರವವೇ ಬೇಕು. ಆದರೆ ಚಾರ್ಜರ್‌ಗೆ ಇದು ಗೊತ್ತಿಲ್ಲ. ಅದು ಹಿಂದಿನಷ್ಟೇ ಕರೆಂಟ್ ತಳ್ಳುತ್ತದೆ. ಪದರಗಳು ಇನ್ನೂ ತಾಗಿಕೊಂಡಿರುವ ಸ್ವಲ್ಪ ಜಾಗದಲ್ಲೇ ಎಲ್ಲ ಲಿಥಿಯಂ ನುಗ್ಗಬೇಕು. ಅಲ್ಲಿ ಗ್ರಾಫೈಟಿನೊಳಗೆ ಹೋಗಲು ಪುರಸೊತ್ತಿಲ್ಲದೆ ಅದು ಮೇಲ್ಮೈ ಮೇಲೇ ಲೋಹವಾಗಿ ಕೂರುತ್ತದೆ. ನಯವಾಗಿ ಅಲ್ಲ, ಮುಳ್ಳು ಮುಳ್ಳಾಗಿ, ಪಾಚಿ ಬೆಳೆದ ಹಾಗೆ. ಪ್ರತಿ ಚಾರ್ಜಿಗೆ ಅದು ಸ್ವಲ್ಪ ಬೆಳೆಯಬಹುದು. ಎದುರಿಗೆ ಇರುವುದು ಆ ತೆಳು ಪರದೆ.

ಇದಕ್ಕೆ ಹೊರಗಿನ ಒತ್ತಡವೂ ಸೇರುತ್ತದೆ. ಬ್ಯಾಟರಿ ಉಬ್ಬಿದಷ್ಟೂ ಲ್ಯಾಪ್‌ಟಾಪಿನ ಚೌಕಟ್ಟು ಅದನ್ನು ಒತ್ತಿ ಹಿಡಿಯುತ್ತದೆ. ಒಳಗೆ ಸ್ಕ್ರೂ ತುದಿ ಇರುತ್ತದೆ, ಲೋಹದ ಅಂಚು ಇರುತ್ತದೆ. ಕಾಕಾನ ಬ್ಯಾಟರಿಯ ಚೀಲದ ಮೇಲೆ ಒಂದು ಸ್ಕ್ರೂ ಗುರುತು ಬಿದ್ದಿತ್ತು, ಹಿಟ್ಟಿನ ಮೇಲೆ ಉಗುರು ಒತ್ತಿದ ಹಾಗೆ. ಅದು ನೋಡಿದಾಗ ನನ್ನ ಕೈಯೂ ಸ್ವಲ್ಪ ತಣ್ಣಗಾಯಿತು, ಸುಳ್ಳು ಹೇಳುವುದಿಲ್ಲ.

ಪರದೆ ಒಂದು ಕಡೆ ತೂತಾದರೆ ಎರಡು ಹಾಳೆಗಳು ತಾಗಿ ಒಳಗೇ ಶಾರ್ಟ್ ಆಗುತ್ತದೆ. ಕಾವಲು ಸರ್ಕ್ಯೂಟ್ ಇರುವುದು ಚೀಲದ ಹೊರಗೆ. ಹೊರಗಿನ ಬಾಗಿಲು ಹಾಕಬಲ್ಲದು, ಒಳಗಿನ ಶಾರ್ಟ್ ನಿಲ್ಲಿಸಲಾರದು. ಆ ಒಂದು ಚುಕ್ಕೆ ಬಿಸಿಯಾಗುತ್ತದೆ. ನೂರು ಡಿಗ್ರಿಯ ಆಸುಪಾಸು ಬಂದರೆ ಗ್ರಾಫೈಟಿನ ಮೇಲಿನ ರಕ್ಷಣೆಯ ಪೊರೆ ಒಡೆದು ತಾನೇ ಬಿಸಿ ಬಿಡಲು ಶುರುಮಾಡುತ್ತದೆ. ನೂರಾ ಮೂವತ್ತರ ಹತ್ತಿರ ಪ್ಲಾಸ್ಟಿಕ್ ಪರದೆ ಕರಗತೊಡಗುತ್ತದೆ. ಪರದೆ ಹೋದರೆ ಒಂದು ಚುಕ್ಕೆಯ ಶಾರ್ಟ್ ಇಡೀ ಹಾಳೆಯ ಶಾರ್ಟ್. ಇನ್ನೂ ಬಿಸಿಯಾದರೆ ಆ ಕೋಬಾಲ್ಟ್ ಇರುವ ಪುಡಿ ಆಮ್ಲಜನಕ ಬಿಡುತ್ತದೆ. ಉರಿಯುವ ದ್ರವ ಇದೆ, ಬಿಸಿ ಇದೆ, ಆಮ್ಲಜನಕವೂ ಒಳಗೇ ಸಿಕ್ಕಿತು. ಇದೆಲ್ಲ ಕೆಲವೇ ಸೆಕೆಂಡಿನಲ್ಲಿ ಆಗಿಬಿಡಬಹುದು. ಬಟ್ಟೆ ಮುಚ್ಚಿ ಗಾಳಿ ತಪ್ಪಿಸಿದರೆ ಆರುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಬ್ಯಾಟರಿ ತುಂಬಿದ್ದರೆ ಇದು ಇನ್ನೂ ಜೋರು. 5000 ಎಂಎಎಚ್ ಫೋನ್ ಬ್ಯಾಟರಿ ಪೂರ್ತಿ ತುಂಬಿದ್ದರೆ ಅದರಲ್ಲಿರುವ ವಿದ್ಯುತ್ತಿನಿಂದ ಒಂದು ಲೋಟ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಕಾಕಾನ ಲ್ಯಾಪ್‌ಟಾಪಿನದು ಸುಮಾರು ಅರ್ಧ ಲೀಟರ್. ದ್ರವ ಹೊತ್ತಿ ಉರಿಯುವ ಬಿಸಿ ಇದರ ಮೇಲೆ ಬೇರೆ. ಖಾಲಿಯಾಗುತ್ತ ಬಂದ ಬ್ಯಾಟರಿ ಶಾರ್ಟ್ ಆದರೆ ಒಂದಿಷ್ಟು ಬೆಚ್ಚಗಾಗಿ ಸುಮ್ಮನಾಗಬಹುದು. ಅದೇ ಬ್ಯಾಟರಿ ನೂರಕ್ಕೆ ನೂರು ಇದ್ದಾಗ ಆ ಕಥೆ ಬೇರೆ. ಉಬ್ಬಿದ್ದಕ್ಕೆ ಚಾರ್ಜ್ ಹಾಕುವುದು ಅಂದರೆ ಗ್ಯಾಸ್ ಹೆಚ್ಚಿಸುವುದು, ಮುಳ್ಳು ಬೆಳೆಸುವುದು, ಜೊತೆಗೆ ಒಲೆಗೆ ಕಟ್ಟಿಗೆ ತುಂಬುವುದು.

ಉಬ್ಬಿದ್ದೆಲ್ಲ ಉರಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ನನ್ನ ಟೇಬಲ್ ಮೇಲೆ ಎಷ್ಟೋ ಬಂದಿವೆ, ಹೊಗೆ ಬಿಟ್ಟದ್ದು ಒಂದೇ ಒಂದು. ಅದೂ ನಾನೇ ಹೊಸದಾಗಿ ಕೆಲಸ ಕಲಿಯುವಾಗ ಲೋಹದ ಪಟ್ಟಿ ಹಾಕಿ ಎಬ್ಬಿಸಲು ಹೋಗಿ ಚೀಲ ಚುಚ್ಚಿದ್ದರಿಂದ. ಆದರೆ ಯಾವುದು ಸುಮ್ಮನಿರುತ್ತದೆ, ಯಾವುದು ಇರುವುದಿಲ್ಲ ಅಂತ ಹೊರಗಿನಿಂದ ನೋಡಿ ಹೇಳಲು ನನಗೂ ಬರುವುದಿಲ್ಲ.

ಫೋನಿನಲ್ಲಿ ಗುರುತಿಸುವುದು ಹೇಗೆ? ಮೊದಲು ಆ ಕವರ್ ತೆಗೆಯಿರಿ. ದಪ್ಪ ಕವರ್ ಹಾಕಿದ ಫೋನ್ ಉಬ್ಬಿದ್ದು ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಹಿಂದೆ ಬ್ಯಾಟರಿ ಕೈಯಲ್ಲೇ ತೆಗೆಯುವ ಫೋನುಗಳಿದ್ದಾಗ ಸುಲಭ ಇತ್ತು. ಬ್ಯಾಟರಿಯನ್ನು ಕೌಂಟರ್ ಮೇಲಿಟ್ಟು ತಿರುಗಿಸುತ್ತಿದ್ದೆವು. ಬುಗುರಿಯ ಹಾಗೆ ಗಿರಗಿರ ತಿರುಗಿದರೆ ಉಬ್ಬಿದೆ ಅಂತ. ಈಗ ಫೋನನ್ನೇ ನೋಡಬೇಕು. ಬದಿಯಿಂದ, ಕಣ್ಣಿನ ಮಟ್ಟಕ್ಕೆ ಹಿಡಿದು, ಬೆಳಕಿನ ಕಡೆ ನೋಡಿ. ಹಿಂದಿನ ಮುಚ್ಚಳಕ್ಕೂ ಚೌಕಟ್ಟಿಗೂ ನಡುವೆ ಒಂದು ಕಡೆ ಸಂದು ಬಿಟ್ಟಿದೆಯಾ? ಕೆಲವು ಫೋನುಗಳಲ್ಲಿ ಬ್ಯಾಟರಿ ಸ್ಕ್ರೀನ್ ಕಡೆಗೆ ತಳ್ಳುತ್ತದೆ. ಆಗ ಸ್ಕ್ರೀನ್ ಒಂದು ಅಂಚಿನಲ್ಲಿ ಎದ್ದಿರುತ್ತದೆ. ಕತ್ತಲಲ್ಲಿ ಆ ಸಂದಿನಿಂದ ಬೆಳಕು ಸೋರುವುದೂ ಉಂಟು, ಇಲ್ಲವೇ ನಡುವೆ ಒಂದು ಬೇರೆ ಬಣ್ಣದ ಮಚ್ಚೆ ಕಾಣುತ್ತದೆ. ಹಿಂಬದಿ ಸಪಾಟಾಗಿರುವ ಫೋನಾದರೆ ಒಂದು ಅಡಿಪಟ್ಟಿ ಅಡ್ಡ ಇಡಿ. ನಡುವೆ ತಾಗಿ ಎರಡೂ ತುದಿ ಎದ್ದರೆ ಉಬ್ಬಿದೆ. ಕೆಲವು ಫೋನುಗಳ ಬೆನ್ನೇ ಬಾಗಿರುತ್ತದೆ, ಅಂಥದ್ದಕ್ಕೆ ಪಟ್ಟಿ ಲೆಕ್ಕಕ್ಕಿಲ್ಲ. ಅಲ್ಲಿ ಸಂದು ನೋಡಿ. ಒಂದು ಮಾತು, ಬೆರಳಿನಿಂದ ಒತ್ತಿ ಒತ್ತಿ ಪರೀಕ್ಷೆ ಮಾಡಬೇಡಿ. ಎದ್ದ ಸ್ಕ್ರೀನ್ ಒತ್ತಿ ಕೂರಿಸಿ ರಬ್ಬರ್ ಬ್ಯಾಂಡ್ ಹಾಕಿ ತಂದವರನ್ನೂ ನಾನು ನೋಡಿದ್ದೇನೆ.

ಮೂಗನ್ನೂ ಬಳಸಿ. ಉಗುರು ಬಣ್ಣ ಅಳಿಸುವ ದ್ರವದ ಹಾಗೆ ಸಿಹಿ ಸಿಹಿ ಘಾಟು ಬಂದರೆ ಚೀಲ ಎಲ್ಲೋ ಬಿರಿದಿದೆ ಅಂತ ಅರ್ಥ. ಅಲ್ಲಿಗೆ ನೋಡುವುದು ಮುಗಿಯಿತು, ದೂರ ಇಡಿ.

ಉಬ್ಬಿದೆ ಅಂತ ಗೊತ್ತಾದರೆ ಚಾರ್ಜರ್ ಕಿತ್ತು, ಆರಿಸಿ, ಫರಸಿ ಕಲ್ಲಿನ ಮೇಲೆ ಇಡಿ. ಹಾಸಿಗೆ, ಪರದೆ, ಕಾಗದ ಹತ್ತಿರ ಇರಬಾರದು. ಬಿಸಿಲಿಗೂ ಬೇಡ. ಬಹಳ ಜನ ಇಲ್ಲಿ ಒಂದು ತಪ್ಪು ಮಾಡುತ್ತಾರೆ. "ಫೋಟೋ ಎಲ್ಲ ಅದರಾಗ ಅವ, ಒಂದ ಸಲ ಚಾರ್ಜ್ ಹಾಕಿ ತಗೊಂಡಬಿಡ್ತೀನಿ" ಅನ್ನುತ್ತಾರೆ. ಬೇಡ್ರಿ. ಫೋಟೋ ಬ್ಯಾಟರಿಯಲ್ಲಿ ಇರುವುದಿಲ್ಲ. ಬೇರೆ ಬ್ಯಾಟರಿ ಹಾಕಿದರೆ ಫೋನ್ ಎದ್ದಾಗ ಎಲ್ಲ ಹಾಗೇ ಇರುತ್ತವೆ. ಲ್ಯಾಪ್‌ಟಾಪಿನಲ್ಲೂ ಅಷ್ಟೇ.

ಯೂಟ್ಯೂಬಿನಲ್ಲಿ ಸೂಜಿ ಚುಚ್ಚಿ ಗ್ಯಾಸ್ ಬಿಟ್ಟು, ಟೇಪ್ ಹಚ್ಚಿ ತೋರಿಸುವವರಿದ್ದಾರೆ. ಸೂಜಿ ಚೀಲದ ಗ್ಯಾಸಿಗೆ ಮಾತ್ರ ಹೋಗುತ್ತದೆ, ಹಾಳೆಗೆ ಹೋಗುವುದಿಲ್ಲ ಅಂತ ಯಾರು ಭರವಸೆ ಕೊಟ್ಟರು? ಇನ್ನು ಆ ಗ್ಯಾಸೂ ಉರಿಯುವಂಥದ್ದೇ. ತೂತಿನಿಂದ ಒಳಗೆ ತೇವ ಹೋದರೆ ಆ ದ್ರವದಲ್ಲಿ ಕರಗಿರುವ ಲಿಥಿಯಂ ಉಪ್ಪು ಹೈಡ್ರೋಫ್ಲೋರಿಕ್ ಆಮ್ಲ ಮಾಡುತ್ತದೆ. ಅದು ಚರ್ಮಕ್ಕೂ ಶ್ವಾಸಕ್ಕೂ ಕೆಟ್ಟದ್ದು. ರಿಪೇರಿಗೆ ಕೊಟ್ಟಾಗ ಉಬ್ಬಿದೆ ಅಂತ ಬಾಯಿಬಿಟ್ಟು ಹೇಳಿ. ಫೋನಿನ ಅಂಟು ಬಿಡಿಸಲು ನಾವು ಸಾಮಾನ್ಯವಾಗಿ ಬಿಸಿ ಗಾಳಿ ಕೊಡುತ್ತೇವೆ. ಉಬ್ಬಿದ್ದಕ್ಕೆ ಅದು ಬೇಡ. ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು, ಅಂಟು ಮೆತ್ತಗಾಗುವವರೆಗೆ ಕಾದು, ಪ್ಲಾಸ್ಟಿಕ್ ಕಾರ್ಡಿನಿಂದ ನಿಧಾನಕ್ಕೆ ಎಬ್ಬಿಸುತ್ತೇವೆ. ಕಾಕಾನ ಬ್ಯಾಟರಿ ಎಬ್ಬಿಸಲು ನನಗೆ ನಲವತ್ತು ನಿಮಿಷ ಬೇಕಾಯಿತು.

ಇಲ್ಲೊಬ್ಬ ಹುಡುಗ ಕೇಳಿದ, "ಸರ, ಹೊಗೀ ಬಂದ್ರ ಏನ್ ಮಾಡೂದ್ರಿ?" ಅಂತ. ಮೊದಲು ಎಲ್ಲರೂ ಆ ಕೋಣೆಯಿಂದ ಹೊರಗೆ. ಆ ಹೊಗೆ ವಿಷ, ಅದನ್ನು ಕುಡಿಯಬಾರದು. ಕೈಯಲ್ಲಿ ಹಿಡಿದು ಹೊರಗೆ ಓಡಬೇಡ. ಚಾರ್ಜರ್ ಹಚ್ಚಿದ್ದರೆ ಮೇನ್ ಸ್ವಿಚ್ ಬಂದ್ ಮಾಡು. 112ಕ್ಕೆ ಫೋನ್ ಮಾಡಲು ಹೇಳು. ಸಣ್ಣದಾಗಿದ್ದು, ದೂರದಿಂದ ಸಾಧ್ಯ ಇದ್ದರೆ ಮಾತ್ರ ನೀರು ಸುರಿ, ಧಾರಾಳವಾಗಿ. ಇಲ್ಲಿ ನೀರಿನ ಕೆಲಸ ಬೆಂಕಿ ಆರಿಸುವುದಕ್ಕಿಂತ ತಣ್ಣಗೆ ಮಾಡುವುದು. ಒಂದು ಚೀಲದ ಬಿಸಿ ಪಕ್ಕದ ಚೀಲಕ್ಕೆ ಹೋಗದ ಹಾಗೆ ತಡೆಯುವುದು. ಆರಿದಂತೆ ಕಂಡರೂ ಮತ್ತೆ ಹೊತ್ತಿಕೊಳ್ಳಬಹುದು, ತಕ್ಷಣ ಹತ್ತಿರ ಹೋಗಬೇಡ.

ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬಾರದು. ಗಾಡಿಯಲ್ಲಿ ಕಸ ಒತ್ತುತ್ತಾರೆ, ಅಲ್ಲೇ ಚೀಲ ಒಡೆಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಅವರ ಸರ್ವಿಸ್ ಸೆಂಟರಿನಲ್ಲಿ ಕೇಳಿ. ನಾನು ತುದಿಗಳಿಗೆ ಟೇಪ್ ಹಚ್ಚಿ, ಅಂಗಡಿಯ ಹೊರಗೆ ಮರಳು ಹಾಕಿದ ಮಣ್ಣಿನ ಗಡಿಗೆಯಲ್ಲಿ ಇಟ್ಟಿರುತ್ತೇನೆ, ಒಯ್ಯುವವರು ಬರುವವರೆಗೆ.

ಕಾಕಾನ ಲ್ಯಾಪ್‌ಟಾಪ್ ಈಗ ಚೆನ್ನಾಗಿದೆ. ಹೊಸ ಬ್ಯಾಟರಿ ಬರುವವರೆಗೆ ನಾಲ್ಕು ದಿನ ಬ್ಯಾಟರಿ ಇಲ್ಲದೆ ಬರೀ ಚಾರ್ಜರ್ ಮೇಲೆ ಓಡಿಸಿದರು. ಅವರ ಮಾಡೆಲ್ ಹಾಗೆ ಓಡುತ್ತದೆ, ಎಲ್ಲವೂ ಓಡುವುದಿಲ್ಲ. ಹೊಸದು ಹಾಕಿದ ಮೇಲೆ ಅದರ ಸೆಟ್ಟಿಂಗ್‌ನಲ್ಲಿ ಚಾರ್ಜ್ ಎಂಬತ್ತಕ್ಕೆ ನಿಲ್ಲುವ ಹಾಗೆ ಮಾಡಿಕೊಟ್ಟೆ. ಟೇಬಲ್ಲನ್ನು ತಗಡಿನ ಕೆಳಗಿನಿಂದ ಒಳಗಿನ ಕೋಣೆಗೆ ಸರಿಸಿದ್ದಾರೆ. ಟ್ರ್ಯಾಕ್‌ಪ್ಯಾಡ್ ಬದಲಿ ಮಾಡಲೇ ಇಲ್ಲ, ಹಳೆಯದೇ ಕಟ್ ಅನ್ನುತ್ತದೆ. ಈಗಲೂ ಕೆಲಸಕ್ಕೆ ಮೌಸೇ ಬೇಕು ಅವರಿಗೆ. ಆದರೆ ಪ್ರತಿ ಸೋಮವಾರ ಅಂಗಡಿ ಪೂಜೆ ಆದ ಮೇಲೆ ಮೌಸ್ ಬದಿಗಿಟ್ಟು, ಟ್ರ್ಯಾಕ್‌ಪ್ಯಾಡನ್ನು ನಾಲ್ಕು ಮೂಲೆಗೂ ಒಂದೊಂದು ಸಲ ಒತ್ತಿ ಕಿವಿಗೊಟ್ಟು ಕೇಳುತ್ತಾರಂತೆ.